ಬಿಲ್ಲಿನಲ್ಲಿ 22 ಕ್ಯಾರೆಟ್, ಪರೀಕ್ಷೆಯಲ್ಲಿ 21: ಅಂಗಡಿಗೆ ದೂರು ಬರೆಯುವುದು ಹೇಗೆ?

ಸರವನ್ನು ಅಡವಿಡಲು ಹೋದಾಗ ಇಂಥ ಗುಟ್ಟು ಬಯಲಾಗುವುದುಂಟು. ಯಂತ್ರದಲ್ಲಿಟ್ಟು ನೋಡಿದವರು ‘ಇದು ಇಪ್ಪತ್ತೆರಡಲ್ಲ’ ಎಂದು ಚೀಟಿ ಕೊಡುತ್ತಾರೆ. ಅದನ್ನು ಹಿಡಿದುಕೊಂಡು ಅಂಗಡಿಗೆ ಓಡಬೇಡಿ. ಆ ಯಂತ್ರ ಎಕ್ಸ್-ರೇ ಹಾಯಿಸಿ ಮೇಲ್ಮೈಯನ್ನಷ್ಟೇ ಅಳೆಯುತ್ತದೆ. ಕೊಂಡಿಯ ಬೆಸುಗೆಯ ಮೇಲೆ ಬಿದ್ದರೆ ಅಂಕಿ ಇಳಿಯುತ್ತದೆ. ಅಂಗಡಿಯವರೂ ಮೊದಲು ಹೇಳುವುದು ಇದನ್ನೇ.

ಆದ್ದರಿಂದ ಮೊದಲು ಸರದ ಮೇಲಿನ ಹಾಲ್‌ಮಾರ್ಕ್ ಮುದ್ರೆಯಲ್ಲಿರುವ ಆರು ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ, ಅಂದರೆ ಎಚ್‌ಯುಐಡಿಯನ್ನು, ಭಾರತೀಯ ಮಾನಕ ಬ್ಯೂರೊದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ. ಸರಕ್ಕೆ ಬದಲು ಉಂಗುರ ಎಂದು ತೋರಿಸಿದರೆ ಮುದ್ರೆಯ ಬಗ್ಗೆಯೇ ಅನುಮಾನಪಡಬೇಕು. ಆ ಪರದೆಯ ಚಿತ್ರವನ್ನು ಉಳಿಸಿಕೊಳ್ಳಿ. ನಂತರ ಬಿಐಎಸ್ ಮಾನ್ಯತೆ ಪಡೆದ ಹಾಲ್‌ಮಾರ್ಕಿಂಗ್ ಕೇಂದ್ರದಲ್ಲಿ ಬೆಂಕಿ ಪರೀಕ್ಷೆ ಮಾಡಿಸಿ. ಇದಕ್ಕೆ ಸರದ ತುಣುಕೊಂದನ್ನು ಕತ್ತರಿಸಬೇಕಾಗುತ್ತದೆ. ಮನಸ್ಸು ಹಿಂಜರಿಯುವುದು ಸಹಜ, ಆದರೆ ವಾದಕ್ಕೆ ನಿಲ್ಲುವುದು ಈ ವರದಿಯೇ. ಕತ್ತರಿಸುವ ಮುನ್ನ ತೂಕ ಮಾಡಿಸಿ, ಮುದ್ರೆಯ ಫೋಟೊ ತೆಗೆದಿಟ್ಟುಕೊಳ್ಳಿ.

ಈಗ ಲೆಕ್ಕ. 20 ಗ್ರಾಂ ಸರವನ್ನು ಗ್ರಾಂಗೆ 9,000 ರೂಪಾಯಿಯಂತೆ ಕೊಂಡಿದ್ದೀರಿ ಎಂದುಕೊಳ್ಳಿ. ಬಿಲ್ಲಿನಲ್ಲಿ 916, ಅಂದರೆ 22 ಕ್ಯಾರೆಟ್; ವರದಿಯಲ್ಲಿ 875, ಅಂದರೆ 21 ಕ್ಯಾರೆಟ್. ಅಂದರೆ ಸಾವಿರಕ್ಕೆ 41 ಪಾಲು ಚಿನ್ನ ಕಡಿಮೆ. ಚಿನ್ನಕ್ಕೆ ಕೊಟ್ಟ 1,80,000 ರೂಪಾಯಿಯನ್ನು 41ರಿಂದ ಗುಣಿಸಿ 916ರಿಂದ ಭಾಗಿಸಿದರೆ ಸುಮಾರು 8,057 ರೂಪಾಯಿ. ಬಿಐಎಸ್ ನಿಯಮಗಳು, 2018ರ 49ನೇ ನಿಯಮದ ಪ್ರಕಾರ ಪರಿಹಾರ ಈ ವ್ಯತ್ಯಾಸದ ಎರಡು ಪಟ್ಟು, ಜೊತೆಗೆ ಪರೀಕ್ಷಾ ಶುಲ್ಕ. ತಯಾರಿಕಾ ಕೂಲಿಯನ್ನು ಈ ಲೆಕ್ಕಕ್ಕೆ ಸೇರಿಸಬೇಡಿ.

ಪತ್ರದಲ್ಲಿ ‘ಮೋಸಗಾರರು’ ಎಂಬಂಥ ಮಾತು ಬೇಡ. ಕೋಪಕ್ಕಿಂತ ಅಂಕಿಗೆ ತೂಕ ಹೆಚ್ಚು. ಹೀಗೆ ಬರೆಯಬಹುದು:

“ಮಾನ್ಯರೇ, ತಮ್ಮ ಅಂಗಡಿಯಲ್ಲಿ (ದಿನಾಂಕ, ಬಿಲ್ ಸಂಖ್ಯೆ) ಖರೀದಿಸಿದ 20 ಗ್ರಾಂ ಚಿನ್ನದ ಸರವನ್ನು 22 ಕ್ಯಾರೆಟ್, 916 ಎಂದು ಬಿಲ್ಲಿನಲ್ಲಿ ನಮೂದಿಸಿದ್ದೀರಿ. ಬಿಐಎಸ್ ಮಾನ್ಯತೆ ಪಡೆದ ಕೇಂದ್ರದ ಪರೀಕ್ಷೆಯಲ್ಲಿ ಅದರ ಶುದ್ಧತೆ 875 ಎಂದು ಬಂದಿದೆ. ವ್ಯತ್ಯಾಸದ ಮೊತ್ತ 8,057 ರೂಪಾಯಿ. 49ನೇ ನಿಯಮದಂತೆ ಅದರ ಎರಡು ಪಟ್ಟಾದ 16,114 ರೂಪಾಯಿ ಹಾಗೂ ಪರೀಕ್ಷಾ ಶುಲ್ಕವನ್ನು ಪತ್ರ ತಲುಪಿದ 15 ದಿನಗಳೊಳಗೆ ಪಾವತಿಸಬೇಕೆಂದು ಕೋರುತ್ತೇನೆ. ಬಿಲ್, ವರದಿ ಮತ್ತು ಮುದ್ರೆಯ ಫೋಟೊದ ಪ್ರತಿಗಳನ್ನು ಲಗತ್ತಿಸಿದ್ದೇನೆ.”

15 ದಿನ ಎಂಬುದು ಕಾನೂನಿನ ಗಡುವಲ್ಲ, ನೀವು ಕೊಡುವ ಗಡುವು. ಪತ್ರವನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ ರಸೀದಿ ಇಟ್ಟುಕೊಳ್ಳಿ. ‘ಸರ ಕೊಟ್ಟು ಹೋಗಿ, ಬದಲಿಸಿಕೊಡುತ್ತೇವೆ’ ಎಂದು ಫೋನ್ ಬರಬಹುದು. ಲಿಖಿತ ರಸೀದಿಯಿಲ್ಲದೆ ಸರ ಬಿಟ್ಟು ಬಂದರೆ, ಅದು ಕರಗಿದ ಮೇಲೆ ನಿಮ್ಮ ಕೈಯಲ್ಲಿ ಉಳಿಯುವುದು ಕಾಗದ ಮಾತ್ರ.

ಉತ್ತರ ಬರದಿದ್ದರೆ ಬಿಐಎಸ್ ಕೇರ್ ಆ್ಯಪ್‌ನಲ್ಲೇ ದೂರು ದಾಖಲಿಸಿ, ಅಥವಾ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅದೂ ಫಲಿಸದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಸರಕ್ಕೆ ಕೊಟ್ಟ ಬೆಲೆ ಐದು ಲಕ್ಷ ರೂಪಾಯಿ ಮೀರದಿದ್ದರೆ ಅಲ್ಲಿ ದೂರಿಗೆ ಶುಲ್ಕವಿಲ್ಲ. ವ್ಯಾಜ್ಯಕ್ಕೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು.