60ಕ್ಕೆ ಎಷ್ಟು ದುಡ್ಡು ಬೇಕು? ಹೀಗೆ ಲೆಕ್ಕ ಹಾಕಿ
ಈಗ ನಿಮಗೆ 45, ಮನೆ ಖರ್ಚು ತಿಂಗಳಿಗೆ 40 ಸಾವಿರ ಅಂದುಕೊಳ್ಳಿ. ಅದನ್ನೇ 60ರ ನಿವೃತ್ತಿಯಿಂದ 90ರವರೆಗಿನ 30 ವರ್ಷಕ್ಕೆ ಗುಣಿಸಿ 1.44 ಕೋಟಿ ಸಾಕು ಅಂದುಕೊಳ್ಳಬೇಡಿ. ಬೆಲೆ ವರ್ಷಕ್ಕೆ ಶೇ. 6ರಂತೆ ಏರಿದರೆ ಈಗಿನ 40 ಸಾವಿರದ ಜೀವನಕ್ಕೆ 60ನೇ ವಯಸ್ಸಿನಲ್ಲಿ ತಿಂಗಳಿಗೆ ಸುಮಾರು 96 ಸಾವಿರ, ಅಂದರೆ ವರ್ಷಕ್ಕೆ ಹನ್ನೊಂದೂವರೆ ಲಕ್ಷ ಬೇಕು. 90ರವರೆಗೆ ಬದುಕುತ್ತೇವೆ ಅಂತಲೇ ಇಟ್ಟುಕೊಳ್ಳಿ, ಗಂಡ ಹೆಂಡತಿಯಲ್ಲಿ ಚಿಕ್ಕವರ ವಯಸ್ಸು ಹಿಡಿದರೆ ಇನ್ನೂ ಒಳ್ಳೆಯದು.

ನಿವೃತ್ತಿ ನಂತರ ತೆರಿಗೆ ಕಳೆದು ಕೈಗೆ ಬರುವ ಬಡ್ಡಿಯೂ ಶೇ. 6 ಆದರೆ ಬೆಲೆ ಏರಿಕೆಗೂ ಬಡ್ಡಿಗೂ ಸರಿಹೋಗುತ್ತದೆ, ಲೆಕ್ಕ ಸುಲಭ: ಹನ್ನೊಂದೂವರೆ ಲಕ್ಷ ಗುಣಿಸು 30, ಸುಮಾರು 3.45 ಕೋಟಿ. ಬಡ್ಡಿ ಶೇ. 5 ಮಾತ್ರ ಸಿಕ್ಕರೆ ಹೆಚ್ಚುಕಡಿಮೆ 4 ಕೋಟಿ ಬೇಕಾಗುತ್ತದೆ, ನೋಡಿ, ಒಂದೇ ಒಂದು ಶೇಕಡಾ ವ್ಯತ್ಯಾಸಕ್ಕೆ! ಪಿಂಚಣಿ, ಬಾಡಿಗೆ ಬರುವುದಿದ್ದರೆ ಮೊದಲೇ ಖರ್ಚಿನಿಂದ ಕಳೆಯಿರಿ. ಆದರೆ ಆ ಪಿಂಚಣಿ ವರ್ಷವರ್ಷ ಏರುತ್ತದಾ ಅಂತ ಕೇಳಿಕೊಳ್ಳಿ. ಏರದಿದ್ದರೆ 12 ವರ್ಷದಲ್ಲಿ ಅದರ ಬೆಲೆ ಅರ್ಧ ಆಗಿರುತ್ತದೆ.