ವಿಮಲಾಳ ನಂಬರ್: ಒಂದು ಸಣ್ಣಕಥೆಯನ್ನು ನಾನು ಬರೆದ ಬಗೆ

ತೀರಿಕೊಂಡ ಹೆಂಡತಿಯ ನಂಬರಿಗೆ ಕರೆ ಮಾಡಿ, ಅವಳು ಹಿಂದೆಂದೋ ಮುದ್ರಿಸಿಟ್ಟ ನಾಲ್ಕು ಮಾತು ಕೇಳಿ ಫೋನ್ ಇಡುವ ಗಂಡನ ಕಥೆಯನ್ನು ಬರೆಯಲು ಕುಳಿತಾಗ, ಆ ಧ್ವನಿ ನಿಜವಾಗಿ ಎಲ್ಲಿ ಉಳಿದಿರುತ್ತದೆ ಎಂಬುದನ್ನು ನಾನು ಮೊದಲು ತೀರ್ಮಾನಿಸಬೇಕಾಯಿತು. ಕಥೆಯನ್ನು ಮೈಸೂರಿನಲ್ಲಿ ಇಡುವ ಆಸೆ ನನಗಿತ್ತು. ಆದರೆ ಕರೆ ಎತ್ತದಿದ್ದಾಗ ಮುದ್ರಿತ ಸ್ವಾಗತದ ಮಾತು ಕೇಳಿಸಿ, ಕರೆ ಮಾಡಿದವರ ಸಂದೇಶವನ್ನು ಹಿಡಿದಿಡುವ ವಾಯ್ಸ್‌ಮೇಲ್ ಅನ್ನು ನಮ್ಮಲ್ಲಿ ಬಳಸುವವರು ತೀರ ವಿರಳ. ಎತ್ತದ ಕರೆ ಮಿಸ್ಡ್ ಕಾಲ್ ಆಗಿ ಮುಗಿಯುತ್ತದೆ. ಅದಲ್ಲದೆ 90 ದಿನ ಯಾವ ಬಳಕೆಯೂ ಇಲ್ಲದ ಪ್ರೀಪೇಯ್ಡ್ ನಂಬರ್ ರದ್ದಾಗಿ, ಮುಂದೆ ಬೇರೆ ಯಾರದೋ ಕೈ ಸೇರಬಹುದು. ಆದ್ದರಿಂದ ನನ್ನ ನಾಗರಾಜರಾಯರನ್ನು ನ್ಯೂಜೆರ್ಸಿಯ ಎಡಿಸನ್‌ನಲ್ಲಿ, ಮಗನ ಮನೆಯಲ್ಲಿ ಇರಿಸಿದೆ. ಅಲ್ಲಿ ಮನೆಮಂದಿಯ ನಂಬರುಗಳೆಲ್ಲ ಒಂದೇ ಬಿಲ್ಲಿನಲ್ಲಿರುವುದು ಸಾಮಾನ್ಯ. ಹೋದವಳ ನಂಬರೂ ಆ ಬಿಲ್ಲಿನಲ್ಲಿ ಸದ್ದಿಲ್ಲದೆ ಉಳಿದುಬಿಡಬಹುದು.

ಇಂಥ ಸ್ವಾಗತದ ಮಾತು ಸಾಮಾನ್ಯವಾಗಿ ಫೋನಿನಲ್ಲಾಗಲಿ ಸಿಮ್ಮಿನಲ್ಲಾಗಲಿ ಇರುವುದಿಲ್ಲ, ಸೇವೆ ಕೊಡುವ ಕಂಪನಿಯ ಸರ್ವರಿನಲ್ಲಿ ಇರುತ್ತದೆ. ಅವಳ ಫೋನನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿ ಕಾಪಾಡಿದರೂ ಸಂಪರ್ಕವನ್ನು ರದ್ದು ಮಾಡಿದ ದಿನ ಧ್ವನಿ ಹೋಗುತ್ತದೆ. ಕಂಪನಿ ಬದಲಿಸಿದರೂ ಅಷ್ಟೆ. ಕಥೆಯ ಸಂಘರ್ಷ ನನಗೆ ಸಿಕ್ಕಿದ್ದು ಇಲ್ಲಿಯೇ. ಕಡಿಮೆ ದರದ ಕಂಪನಿಗೆ ಬದಲಾಗಬೇಕೆಂದಿರುವ ಮಗನಲ್ಲಿ ಕೆಟ್ಟತನವೇನೂ ಇಲ್ಲ, ಅವನಿಗೆ ಅಪ್ಪನ ಈ ಅಭ್ಯಾಸ ಗೊತ್ತಿಲ್ಲ.

ಹೆಚ್ಚು ಹೊತ್ತು ಯೋಚಿಸಿದ್ದು ರಿಂಗಿನ ಬಗ್ಗೆ. ಅವಳ ಫೋನ್ ಆಫ್ ಆಗಿದ್ದರೆ ಕರೆ ಬಹುಮಟ್ಟಿಗೆ ನೇರವಾಗಿ ವಾಯ್ಸ್‌ಮೇಲ್‌ಗೆ ಹೋಗುತ್ತದೆ. ಚಾರ್ಜ್ ಆಗಿ ಚಾಲೂ ಇದ್ದರೆ ಮೊದಲು ಕೆಲವು ಬಾರಿ ರಿಂಗಾಗುತ್ತದೆ. ರಾಯರಿಗೆ ಬೇಕಾದದ್ದು ಧ್ವನಿಯೊಂದೇ ಆಗಿದ್ದರೆ ಆಫ್ ಆದ ಫೋನ್ ಸಾಕಿತ್ತು. ಆದರೆ ರಿಂಗಾಗುವಷ್ಟು ಹೊತ್ತು, ಎತ್ತುವವರು ಇಲ್ಲವೆಂದು ತಿಳಿದಿದ್ದೂ, ಮನುಷ್ಯನ ಕಿವಿ ಕಾಯುತ್ತದೆ. ಅದಕ್ಕೇ ಅವರು ಪ್ರತಿ ರಾತ್ರಿ ಅವಳ ಫೋನನ್ನು ಚಾರ್ಜಿಗೆ ಹಾಕುತ್ತಾರೆ, ಅದರ ಸದ್ದು ಮನೆಯವರಿಗೆ ಕೇಳದಂತೆ ಸೈಲೆಂಟ್ ಮಾಡುತ್ತಾರೆ. ಅವರ ದುಃಖದ ಬಗ್ಗೆ ಕಥೆಯಲ್ಲಿ ಒಂದು ವಾಕ್ಯವನ್ನೂ ನಾನು ಬರೆಯಲಿಲ್ಲ. ಚಾರ್ಜರಿನ ವಿವರ ಇದ್ದಾಗ ಅದರ ಅಗತ್ಯವಿರಲಿಲ್ಲ.

ಅವಳ ಮಾತು ಏನಿರಬೇಕು? ಅದು ಪ್ರೀತಿಯ ಮಾತಾಗಿದ್ದರೆ ಕಥೆ ಕೆಡುತ್ತದೆ, ಏಕೆಂದರೆ ಅಂಥ ಸ್ವಾಗತವನ್ನು ಯಾರೂ ಮುದ್ರಿಸುವುದಿಲ್ಲ. ವಿಮಲಾ ಹೇಳುವುದು ಇಷ್ಟು: "ಹಲೋ, ನಾನು ವಿಮಲಾ. ಈಗ ಫೋನ್ ಎತ್ತೋಕೆ ಆಗ್ತಿಲ್ಲ, ನಿಮ್ಮ ಹೆಸರು ಹೇಳಿ ಇಡಿ. ರೀ, ಇನ್ನೇನು ಹೇಳ್ಬೇಕು?" ಕೊನೆಯದು ಪಕ್ಕದಲ್ಲಿ ನಿಂತಿದ್ದ ಗಂಡನಿಗೆ ಕೇಳಿದ ಪ್ರಶ್ನೆ, ಅಷ್ಟರಲ್ಲಿ ಮುದ್ರಣ ನಿಂತಿದೆ. ಇಡೀ ಸಂದೇಶವನ್ನು ಕಥೆಯಲ್ಲಿ ಒಮ್ಮೆ ಮಾತ್ರ ಪೂರ್ತಿ ಕೊಟ್ಟೆ. ಎರಡನೆಯ ಕರೆಯಲ್ಲಿ ಕೊನೆಯ ಪ್ರಶ್ನೆಯಷ್ಟೇ ಇದೆ, ಅನಂತರ ಅದೂ ಇಲ್ಲ, ಓದುಗರು ತಾವೇ ಕೇಳಿಸಿಕೊಳ್ಳುತ್ತಾರೆ.

ಪ್ರಶ್ನೆಯ ನಂತರ ಬೀಪ್ ಬರುತ್ತದೆ, ಆಮೇಲೆ ಕರೆ ಮಾಡಿದವರ ಕಡೆಯ ಸದ್ದು ಮುದ್ರಣವಾಗತೊಡಗುತ್ತದೆ. ರಾಯರು ಕೆಲವೊಮ್ಮೆ ಬೀಪ್ ಆದರೂ ಫೋನ್ ಇಡುವುದಿಲ್ಲ. ಅವರಿಗೆ ತಿಳಿಯದಂತೆ ಅವರ ಮೌನವೇ ಸಂದೇಶಗಳಾಗಿ ಅವಳ ಪೆಟ್ಟಿಗೆಯಲ್ಲಿ ಸೇರುತ್ತ ಹೋಗುತ್ತದೆ. ನಂಬರ್ ರದ್ದು ಮಾಡುವ ಮುನ್ನ ಅಮ್ಮನಿಗೆ ಬಂದ ಸಂದೇಶಗಳನ್ನು ನೋಡಲು ಕುಳಿತ ಮಗನಿಗೆ ಸಿಗುವುದು ಕುಕ್ಕರಿನ ಸೀಟಿ, ಸುಪ್ರಭಾತ, ಯಾರೋ ಗಂಟಲು ಸರಿಪಡಿಸಿಕೊಂಡ ಸದ್ದು. ಆ ಕೆಮ್ಮು ಅವನಿಗೆ ಚಿರಪರಿಚಿತ. ಅಪ್ಪನ ಗುಟ್ಟು ಅವನಿಗೆ ತಿಳಿಯಲು ಬಾಗಿಲ ಸಂದಿಯಿಂದ ಕದ್ದು ಕೇಳುವ ದೃಶ್ಯ ಬೇಕಾಗಲಿಲ್ಲ, ವಾಯ್ಸ್‌ಮೇಲ್ ಕೆಲಸ ಮಾಡುವ ರೀತಿಯೇ ಅದನ್ನು ಒದಗಿಸಿತು.

ಮಗ ಮಾಡುವ ಮೊದಲ ಕೆಲಸ ಬುದ್ಧಿವಂತರೆಲ್ಲ ಮಾಡುವಂಥದ್ದೇ: ಸ್ಪೀಕರ್ ಹಾಕಿ, ಇನ್ನೊಂದು ಫೋನಿನಲ್ಲಿ ಆ ಧ್ವನಿಯನ್ನು ಮುದ್ರಿಸಿ ಅಪ್ಪನಿಗೆ ಕೊಡುತ್ತಾನೆ. ಅಲ್ಲಿಗೆ ಕಥೆ ಮುಗಿಯದು ಎಂಬ ನಂಬಿಕೆ ನನಗೆ ಬಂದದ್ದು ಲಂಡನ್ನಿನ ಒಂದು ಪ್ರಸಂಗದಿಂದ. ಎಂಬ್ಯಾಂಕ್‌ಮೆಂಟ್ ಸುರಂಗ ನಿಲ್ದಾಣದಲ್ಲಿ ನಟ ಆಸ್ವಾಲ್ಡ್ ಲಾರೆನ್ಸ್ ಅವರ ಮುದ್ರಿತ ಎಚ್ಚರಿಕೆ ಕೇಳಿಬರುತ್ತಿತ್ತು. 2007ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಪತ್ನಿ ಆ ಧ್ವನಿಗಾಗಿ ಅಲ್ಲಿ ಕೂರುತ್ತಿದ್ದರು. 2012ರಲ್ಲಿ ಅದನ್ನು ತೆಗೆದಾಗ ಅವರು ವಿಚಾರಿಸಿದರು. ಅವರಿಗೆ ಧ್ವನಿಯ ಪ್ರತಿ ಸಿಕ್ಕಿತು, 2013ರಲ್ಲಿ ಆ ನಿಲ್ದಾಣದಲ್ಲಿಯೂ ಧ್ವನಿ ಮರಳಿತು. ಪ್ರತಿ ಇದ್ದರೂ ಧ್ವನಿ ತನ್ನ ಜಾಗದಲ್ಲಿ ಇರುವುದು ಬೇರೆಯೇ ಸಂಗತಿ. ರಾಯರ ಕೈಗೆ ಬಂದ ಮುದ್ರಣವನ್ನು ಬೇಕೆಂದಾಗ ಕೇಳಬಹುದು, ಆದರೆ ಅದಕ್ಕೆ ರಿಂಗಿಲ್ಲ, ಕಾಯುವಿಕೆಯಿಲ್ಲ. ಅವಳ ಪ್ರಶ್ನೆಯಾದ ಮೇಲೆ ಉತ್ತರಕ್ಕೆ ತೆರವೂ ಇಲ್ಲ.

ಆದ್ದರಿಂದ ಕೊನೆಯ ದೃಶ್ಯದಲ್ಲಿ ಅವರು ಅದನ್ನು ಒಮ್ಮೆ ಕೇಳಿ, ಫೋನನ್ನು ಮಗನಿಗೆ ಹಿಂದಿರುಗಿಸಿ, "ಆ ನಂಬರಿಗೆ ತಿಂಗಳಿಗೆ ಎಷ್ಟು ಬೀಳುತ್ತಪ್ಪ?" ಎಂದು ಕೇಳುತ್ತಾರೆ. ಮಗ ಬೇಕಿಲ್ಲವೆಂದರೂ ಪರ್ಸು ತೆಗೆಯುತ್ತಾರೆ. ಅವರ ತಲೆಮಾರಿನ ಅಪ್ಪಂದಿರು ಮಗನೆದುರು ಇದಕ್ಕಿಂತ ಹೆಚ್ಚು ಹೇಳಲಾರರು ಎಂದು ನಾನು ತಿಳಿದಿದ್ದೇನೆ. ಹಾಗಾಗಿ ಅದರ ಮುಂದೆ ಒಂದು ಸಾಲನ್ನೂ ಸೇರಿಸಲಿಲ್ಲ.