ಟೀಮ್ ಫೋಟೋದಲ್ಲಿ 7 ಅನ್ನು 9 ಮಾಡಿದ್ದು

ಕಾಲೇಜು ಬ್ಯಾಸ್ಕೆಟ್‌ಬಾಲ್ ತಂಡದ ಗ್ರೂಪ್ ಫೋಟೋ. ಮೆರೂನ್ ಬಣ್ಣದ ಜಾಳಿಗೆ ಬಟ್ಟೆಯ ಜೆರ್ಸಿ, ಎದೆಯ ಮೇಲೆ ಬಿಳಿ ನಂಬರು. ಹಿಂದಿನ ಸಾಲಿನ ಒಬ್ಬ ಹುಡುಗನ ಹೊಸ ಜೆರ್ಸಿ ಇನ್ನೂ ಟೇಲರ್ ಹತ್ತಿರವೇ ಇತ್ತು, ಹಳೆಯದನ್ನು ತೊಟ್ಟು ನಿಂತಿದ್ದ. ಹಾಗಾಗಿ ಒಂದೇ ಫೋಟೋದಲ್ಲಿ ಇಬ್ಬರ ಎದೆಯ ಮೇಲೂ 7. “ಹಿಂದಿನವಂದು 9 ಮಾಡಿಕೊಡ್ರಿ, ಫ್ರೇಮ್ ಹಾಕಿಸಿ ಡಿಪಾರ್ಟ್‌ಮೆಂಟಿನಾಗ ಹಚ್ಚೋದೈತಿ” ಅಂದರು ಪಿ.ಡಿ. ಸರ್. ಗೋಡೆಗೆ ಹಾಕುವ ಫೋಟೋ ಅಂತ ಒಪ್ಪಿಕೊಂಡೆ. ಟೂರ್ನಮೆಂಟಿನ ದಾಖಲೆಗೋ ಪತ್ರಿಕೆಗೋ ಕೊಡುವುದಾಗಿದ್ದರೆ ಮುಟ್ಟುತ್ತಿರಲಿಲ್ಲ.

ಇಂಥ ಕೆಲಸದಲ್ಲಿ ಮೊದಲು ನೋಡಬೇಕಾದದ್ದು ನಂಬರನ್ನು ಬಟ್ಟೆಗೆ ಹೇಗೆ ಕೂರಿಸಿದ್ದಾರೆ ಅನ್ನುವುದನ್ನು. ಸಬ್ಲಿಮೇಶನ್ ಪ್ರಿಂಟ್ ಆದರೆ ಬಣ್ಣ ನೂಲಿಗೇ ಇಳಿದಿರುತ್ತದೆ, ಬಟ್ಟೆಯ ಪ್ರತಿ ಸುಕ್ಕೂ ನಂಬರಿನ ಮೇಲೆ ಹಾದುಹೋಗುತ್ತದೆ. ಇಲ್ಲಿದ್ದದ್ದು ಬೇರೆ ಬಟ್ಟೆಯಲ್ಲಿ ಕತ್ತರಿಸಿ, ಅಂಚಿನುದ್ದಕ್ಕೂ ಒತ್ತಾಗಿ ಝಿಗ್‌ಝಾಗ್ ಹೊಲಿಗೆ ಹಾಕಿದ ನಂಬರು. ಅದು ಜೆರ್ಸಿಗಿಂತ ದಪ್ಪ. ಸಣ್ಣ ಸುಕ್ಕುಗಳು ಅಂಚಿನವರೆಗೆ ಬಂದು ಅಲ್ಲೇ ನಿಲ್ಲುತ್ತವೆ. ದೊಡ್ಡ ಮಡಿಕೆ ಮಾತ್ರ ದಾಟುತ್ತದೆ, ಅದೂ ಮೊಂಡಾಗಿ. ಹೊಲಿಗೆ ಬಿದ್ದ ಕಡೆ ಜಾಳಿಗೆ ಬಟ್ಟೆ ಎಳೆದುಕೊಂಡು, ಅಂಚಿಗೆ ಅಡ್ಡಲಾಗಿ ಚಿಕ್ಕ ಚಿಕ್ಕ ನೆರಿಗೆ ಎದ್ದಿರುತ್ತದೆ. ಪಕ್ಕದ ಹುಡುಗರ ನಂಬರುಗಳನ್ನು ದೊಡ್ಡದು ಮಾಡಿ ಇದನ್ನೆಲ್ಲ ನೋಡಿಕೊಂಡ ಮೇಲೆಯೇ ಕೈ ಹಾಕಿದೆ.

ಮುಂದಿನ ಸಾಲಿನಲ್ಲಿ ಒಬ್ಬನ ನಂಬರು 6. ಆ ಅಕ್ಷರಶೈಲಿಯಲ್ಲಿ 6 ಅನ್ನು ತಲೆಕೆಳಗು ಮಾಡಿದರೆ ಸರಿಯಾಗಿ 9 ಆಗುತ್ತದೆ. ಅದನ್ನೇ ಕತ್ತರಿಸಿ ತಿರುಗಿಸಿ ಅಂಟಿಸೋಣ ಅನ್ನಿಸುವುದು ಸಹಜ. ಆದರೆ ಆ ದಿನ ಬೆಳಕು ಎಡಗಡೆ ಮೇಲಿನಿಂದ ಬಿದ್ದಿತ್ತು. 6 ಅನ್ನು ತಿರುಗಿಸಿದರೆ ಹೊಲಿಗೆಯ ಹೊಳಪು ಬಲಗಡೆ ಕೆಳಕ್ಕೆ ಹೋಗುತ್ತದೆ, ನೆರಳು ಮೇಲಕ್ಕೆ ಬರುತ್ತದೆ. ಎತ್ತರಿಸಿ ಹೊಲಿದ ನಂಬರು ಬಟ್ಟೆಯೊಳಗೆ ಕೊರೆದ ಹಾಗೆ ಕಾಣುತ್ತದೆ. ಹಾಗಾಗಿ 6ರಿಂದ ತೆಗೆದುಕೊಂಡದ್ದು ಆಕಾರ ಮಾತ್ರ. ಪೆನ್ ಟೂಲ್‌ನಲ್ಲಿ ಅಂಚು ಬಿಡಿಸಿ, ಆ ಪಾತ್ ಅನ್ನು 180 ಡಿಗ್ರಿ ತಿರುಗಿಸಿಕೊಂಡೆ.

ಹಳೆಯ 7 ಅನ್ನು ಅಳಿಸುವ ಮೊದಲು ಅದರ ಒಂದು ಪ್ರತಿಯನ್ನು ಬೇರೆ ಲೇಯರಿನಲ್ಲಿ ಎತ್ತಿಟ್ಟೆ. ಯಾಕೆಂದು ಮುಂದೆ ಹೇಳುತ್ತೇನೆ. ಅಳಿಸುವಾಗ ಬಣ್ಣ-ನೆರಳನ್ನೂ ಬಟ್ಟೆಯ ನೇಯ್ಗೆಯನ್ನೂ ಬೇರೆ ಬೇರೆಯಾಗಿ ನೋಡಿದೆ. ಮೊದಲು ಸುತ್ತಲಿನ ಮೆರೂನ್ ಬಣ್ಣ ಎತ್ತಿಕೊಂಡು ಮೆತ್ತನೆಯ ಬ್ರಷ್ಷಿನಲ್ಲಿ ಮಡಿಕೆಯ ಕಪ್ಪು-ಬೆಳಕನ್ನು 7ರ ಜಾಗದಲ್ಲಿ ಕೂಡಿಸಿದೆ. ಆಮೇಲೆ ಅದೇ ಜೆರ್ಸಿಯ ಹೊಟ್ಟೆಯ ಭಾಗದಿಂದ ಜಾಳಿಗೆಯ ತೂತುಗಳನ್ನು ಕ್ಲೋನ್ ಮಾಡಿದೆ. ತೂತುಗಳ ಸಾಲು ಎದೆಯ ಮೇಲೆ ಸ್ವಲ್ಪ ಬಾಗಿರುತ್ತದೆ. ಕ್ಲೋನ್ ಮೂಲವನ್ನು ಅಷ್ಟೇ ಓರೆ ಮಾಡದಿದ್ದರೆ ತೇಪೆ ಹಾಕಿದ್ದು ಗೊತ್ತಾಗಿಬಿಡುತ್ತದೆ.

ಸುಕ್ಕಿಗೆ ತಕ್ಕಂತೆ ನಂಬರು ಬಾಗಬೇಕಾದರೆ ಫೋಟೋಶಾಪ್‌ನಲ್ಲಿ `Filter > Distort > Displace` ಇದೆ. ಅದಕ್ಕೆ ಒಂದು ನಕ್ಷೆ ಬೇಕು: ಬಟ್ಟೆಯ ಕಪ್ಪು-ಬಿಳುಪು ಚಿತ್ರ, `.psd` ಫೈಲಾಗಿ ಉಳಿಸಿದ್ದು. ನಕ್ಷೆಯಲ್ಲಿ ನಡುಬೂದು ಇರುವಲ್ಲಿ, ಅಂದರೆ 128ರಲ್ಲಿ, ಏನೂ ಸರಿಯುವುದಿಲ್ಲ. ಅದಕ್ಕಿಂತ ತಿಳಿಯಾದರೆ ಒಂದು ಕಡೆಗೆ, ಕಪ್ಪಾದರೆ ಎದುರು ಕಡೆಗೆ ಸರಿಯುತ್ತದೆ. ಈ ಫಿಲ್ಟರಿಗೆ ಬಟ್ಟೆಯ ಏರಿಳಿತ ಗೊತ್ತಾಗುವುದಿಲ್ಲ, ಗೊತ್ತಾಗುವುದು ಬೆಳಕು ಮಾತ್ರ. ಅದಕ್ಕೇ ನಕ್ಷೆಯನ್ನು 7 ಅಳಿಸಿದ ಬಟ್ಟೆಯಿಂದಲೇ ಮಾಡಬೇಕು. ಮೂಲ ಫೋಟೋದಿಂದ ಮಾಡಿದರೆ ಬಿಳಿ 7 ಒಂದು ದೊಡ್ಡ ಉಬ್ಬು ಅಂತ ಲೆಕ್ಕಕ್ಕೆ ಬಂದು, ಹೊಸ 9ರ ಮೈ ಹಳೆಯ 7ರ ಆಕಾರದಲ್ಲೇ ಸೊಟ್ಟಗಾಗುತ್ತದೆ. ಮೆರೂನ್ ಬಟ್ಟೆ ಕಪ್ಪಗಿರುವುದರಿಂದ ಲೆವೆಲ್ಸ್‌ನಲ್ಲಿ ಅದರ ಸರಾಸರಿಯನ್ನು ನಡುಬೂದಿಗೆ ಎತ್ತಿದೆ. ಜಾಳಿಗೆಯ ತೂತುಗಳು ಮಾಯವಾಗಿ ಮಡಿಕೆ ಮಾತ್ರ ಉಳಿಯುವಷ್ಟು ಬ್ಲರ್ ಕೊಟ್ಟೆ. ಬ್ಲರ್ ಕಡಿಮೆಯಾದರೆ ನಂಬರಿನ ಅಂಚು ಇಲಿ ಕಡಿದ ಹಾಗೆ ಆಗುತ್ತದೆ. ಫೋಟೋದಲ್ಲಿ ನಂಬರಿನ ಎತ್ತರ ಸುಮಾರು 180 ಪಿಕ್ಸೆಲ್. ಸರಿಸುವ ಅಳತೆ ಎರಡೂ ದಿಕ್ಕಿಗೆ 4 ಸಾಕಾಯಿತು. ಎಡಭುಜದಿಂದ ಓರೆಯಾಗಿ ಇಳಿದಿದ್ದ ಒಂದು ದೊಡ್ಡ ಮಡಿಕೆಗೆ ಇದು ಸಾಲಲಿಲ್ಲ, ಅಲ್ಲಿ ವಾರ್ಪ್ ಹಿಡಿದು ಕೈಯಿಂದಲೇ ಬಗ್ಗಿಸಿದೆ.

ಇನ್ನು ನೆರಳು. ನೋಡುವವರ ಕಣ್ಣು ನಂಬುವುದೋ ಬಿಡುವುದೋ ತೀರ್ಮಾನವಾಗುವುದು ಇಲ್ಲೇ, ಬಾಗಿಸುವುದರಲ್ಲಲ್ಲ. ಬಟ್ಟೆಯ ನೆರಳನ್ನು ಕಪ್ಪು-ಬಿಳುಪು ಮಾಡಿ 9ರ ಮೇಲೆ ಮಲ್ಟಿಪ್ಲೈನಲ್ಲಿ ಇಡುವುದು ಎಲ್ಲರೂ ಮಾಡುವ ಕ್ರಮ. ಎಷ್ಟು ಗಾಢ ಇಡಬೇಕು ಅನ್ನುವುದೇ ಪ್ರಶ್ನೆ, ಯಾಕೆಂದರೆ ಮೆರೂನ್ ಮೇಲೆ ಮಸುಕಾಗಿ ಕಾಣುವ ಮಡಿಕೆ ಬಿಳಿಯ ಮೇಲೆ ಎದ್ದು ಕಾಣುತ್ತದೆ. ಎತ್ತಿಟ್ಟಿದ್ದ 7 ಕೆಲಸಕ್ಕೆ ಬಂದದ್ದು ಆಗ. ಅದೇ ಎದೆಯ ಮೇಲೆ, ಅದೇ ಬೆಳಕಿನಲ್ಲಿ ಬಿಳಿ ಬಟ್ಟೆಯ ನೆರಳು ಹೇಗಿರುತ್ತದೆ ಎಂದು ಅದರ ಮೇಲೆಯೇ ಬರೆದಿದೆ! 7ರ ಮೇಲಿನ ಪಟ್ಟಿಯೂ 9ರ ತಲೆಯೂ ಒಂದರ ಮೇಲೊಂದು ಬರುವ ಜಾಗದಲ್ಲಿ ಎರಡನ್ನೂ ಆನ್-ಆಫ್ ಮಾಡುತ್ತಾ, ನಾನು ಹಾಕಿದ ನೆರಳು 7ರ ನಿಜವಾದ ನೆರಳಿಗೆ ಹೊಂದುವ ತನಕ ಕರ್ವ್ಸ್ ಎಳೆದೆ. ಅಲ್ಲಿ ಹೊಂದಿದ ಮೇಲೆ ಅದೇ ಕರ್ವ್ ಇಡೀ 9ಕ್ಕೆ. ಬಿಳಿಯನ್ನೂ ಆ 7ರಿಂದಲೇ ಎತ್ತಿಕೊಂಡೆ. ಅದು ಅಪ್ಪಟ ಬಿಳಿ ಆಗಿರಲಿಲ್ಲ, ಸುತ್ತಲಿನ ಮೆರೂನಿನ ಛಾಯೆ ತುಸು ಹತ್ತಿತ್ತು.

ಹೊಲಿಗೆಯನ್ನು ಬಾಗಿಸುವ ಮುಂಚೆಯೇ ಹಾಕಿರಬೇಕು, ನಂಬರಿನ ಜೊತೆಗೇ ಅದೂ ಬಾಗಬೇಕಲ್ಲ. ನಂಬರನ್ನು ನಾಲ್ಕು ಪಟ್ಟು ದೊಡ್ಡದಾಗಿ ಮಾಡಿ, ಓರೆ ದಾರದಂಥ ಒಂದು ಚಿಕ್ಕ ಬ್ರಷ್ ತಯಾರಿಸಿ, ಗುರುತುಗಳ ನಡುವೆ ಕೂದಲೆಳೆಯಷ್ಟು ಸಂದು ಬಿಡುವಂತೆ ಸ್ಪೇಸಿಂಗ್ ಇಟ್ಟೆ. ಶೇಪ್ ಡೈನಮಿಕ್ಸ್‌ನಲ್ಲಿ ಆ್ಯಂಗಲ್ ಕಂಟ್ರೋಲನ್ನು ಡೈರೆಕ್ಷನ್‌ಗೆ ಹಾಕಿದರೆ ತಿರುವುಗಳಲ್ಲಿ ದಾರವೂ ತಿರುಗುತ್ತದೆ. ಆಮೇಲೆ ಪಾತ್ ಸ್ಟ್ರೋಕ್. ನಿಜವಾದ ಅಳತೆಗೆ ಇಳಿಸಿದಾಗ ಒಂದೊಂದು ಹೊಲಿಗೆಯೂ ಎರಡು ಪಿಕ್ಸೆಲ್‌ಗೆ ಬಂತು. ಎಣಿಸಲಾಗುವುದಿಲ್ಲ, ಅಂಚು ಸ್ವಲ್ಪ ಒರಟು ಅನ್ನಿಸುತ್ತದೆ ಅಷ್ಟೆ. ಪಕ್ಕದವರ ನಂಬರಿನಲ್ಲೂ ಅಷ್ಟೇ ಕಾಣುತ್ತಿತ್ತು. ಇಲ್ಲಿ ದಾರ ಸ್ಪಷ್ಟವಾಗಿ ಕಂಡರೆ ಅದೇ ತಪ್ಪು. ಬಲ-ಕೆಳ ಅಂಚಿಗೆ ಒಂದು ಪಿಕ್ಸೆಲ್ ನೆರಳು, ಹೊಲಿಗೆಯ ಹೊರಗೆ ಬರ್ನ್ ಟೂಲ್‌ನಿಂದ ಅಲ್ಲಲ್ಲಿ ನೆರಿಗೆ, ಅದೂ ಒಂದೇ ಅಂತರದಲ್ಲಿ ಬೇಡ. ಕೊನೆಗೆ ಅರ್ಧ ಪಿಕ್ಸೆಲ್ ಬ್ಲರ್, ಮೂಲ ಫೋಟೋದಷ್ಟೇ ನಾಯ್ಸ್.

ಪರೀಕ್ಷೆ ಸುಲಭ. ಫೋಟೋವನ್ನು ಕನ್ನಡಿಯಂತೆ ಎಡಬಲ ತಿರುಗಿಸಿ, ಶೇಕಡಾ 25ಕ್ಕೆ ಚಿಕ್ಕದು ಮಾಡಿ ನೋಡುತ್ತೇನೆ. ಕಣ್ಣು ನೇರ ಆ ನಂಬರಿಗೇ ಹೋದರೆ ಏನೋ ಉಳಿದಿದೆ ಎಂದರ್ಥ. ಹೆಚ್ಚಾಗಿ ಉಳಿದಿರುವುದು ಅತಿಯಾದ ಬಿಳುಪು, ಇಲ್ಲವೇ ಅತಿಯಾದ ಚೂಪು.

ಕೈಕಟ್ಟಿ ನಿಂತವನ ನಂಬರು ಅರ್ಧ ಮಡಿಕೆಯೊಳಗೆ ಹೂತಿದ್ದರೆ ಇಷ್ಟೆಲ್ಲ ಮಾಡುವುದಿಲ್ಲ. ಹೊಸ ಜೆರ್ಸಿ ಬಂದ ದಿನ ಆ ಹುಡುಗನನ್ನು ಅದೇ ಜಾಗದಲ್ಲಿ, ಅದೇ ಹೊತ್ತಿಗೆ, ಅದೇ ಭಂಗಿಯಲ್ಲಿ ನಿಲ್ಲಿಸಿ ಒಂದು ಫೋಟೋ ತೆಗೆದು, ಎದೆಯ ಭಾಗವನ್ನೇ ತಂದು ಕೂರಿಸುತ್ತೇನೆ.